ಮೇಡಂ, ನನ್ನನ್ನು ಬೇರೆ ಪ್ರಾಜೆಕ್ಟಿಗೆ ಹಾಕ್ತೀರಾ?

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುವ ಹೊತ್ತಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಮ್ಯಾನೇಜರುಗಳಿಗೆ ಒಂದು ಜಾತಿಯ ಮೇಲ್ ಬರಲು ಶುರುವಾಗುತ್ತದೆ. ಕಳಿಸುವವರು ಇಂಜಿನಿಯರಿಂಗ್ ಕೊನೆಯ ವರ್ಷದ ಇಂಟರ್ನ್‌ಗಳು. ಕೊರಳಿಗೆ ಬ್ಯಾಡ್ಜ್ ಬಿದ್ದು ನಾಲ್ಕೈದು ವಾರವಾಗಿರುತ್ತದೆ, ಕ್ಯಾಂಟೀನಿನ ಕಾಫಿಯ ರುಚಿ ಹಳತಾಗಿರುತ್ತದೆ, ತಮಗೆ ಕೊಟ್ಟ ಕೆಲಸ ಏನೆಂಬುದೂ ಅಷ್ಟುಹೊತ್ತಿಗೆ ಅರ್ಥವಾಗಿರುತ್ತದೆ. ಮೇಲ್ ಹೋಗುವುದು ಇಂಗ್ಲಿಷಿನಲ್ಲೇ. ಅದರ ಒಕ್ಕಣೆಯನ್ನು ಕನ್ನಡಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಹೀಗಿರುತ್ತದೆ:

"ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಈಗ ಮಾಡುತ್ತಿರುವ ಟೆಸ್ಟಿಂಗ್ ಕೆಲಸದಲ್ಲಿ ಕಲಿಯಲು ಹೆಚ್ಚಿನ ಅವಕಾಶ ಇಲ್ಲದಿರುವುದರಿಂದ ನನ್ನನ್ನು ಡೆವಲಪ್‌ಮೆಂಟ್ ಪ್ರಾಜೆಕ್ಟಿಗೆ ವರ್ಗಾಯಿಸಬೇಕೆಂದು ಕೋರುತ್ತೇನೆ. ಇದರಿಂದ ನನ್ನ ಕಲಿಕೆಗೆ ಅನುಕೂಲವಾಗುತ್ತದೆ. ವಂದನೆಗಳೊಂದಿಗೆ."

ಇದು ನಮ್ಮ ಶಾಲೆಗಳಲ್ಲಿ ಬರೆಸುವ ರಜಾ ಅರ್ಜಿಯ ಅಚ್ಚು. ರಜಾ ಅರ್ಜಿಗೆ ಈ ಅಚ್ಚು ಸಾಕು, ಯಾಕೆಂದರೆ ಅಲ್ಲಿ ಹೆಡ್‌ಮಾಸ್ತರು ಯೋಚಿಸಬೇಕಾದದ್ದು ಏನೂ ಇಲ್ಲ. ಜ್ವರ ಬಂದಿದೆ, ರಜೆ ಬೇಕು, ಸಹಿ ಹಾಕಿದರೆ ಮುಗಿಯಿತು. ಪ್ರಾಜೆಕ್ಟ್ ಬದಲಿಸುವುದು ಸಹಿ ಹಾಕಿ ಮುಗಿಸುವ ಕೆಲಸವಲ್ಲ. ಮೇಲ್ ಓದುವ ಮ್ಯಾನೇಜರ್ ಮೂರು ನಾಲ್ಕು ಜನರ ಹತ್ತಿರ ಮಾತಾಡಬೇಕು, ಇಬ್ಬರ ಸಮಯ ಹೊಂದಿಸಬೇಕು, ಖಾಲಿಯಾಗುವ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಬೇಕು. ಅದಕ್ಕೆ ಬೇಕಾದ ಒಂದೇ ಒಂದು ಮಾಹಿತಿಯೂ ಮೇಲಿನ ಮೇಲ್‌ನಲ್ಲಿಲ್ಲ. ಆದ್ದರಿಂದ ಅದಕ್ಕೆ ಬರುವ ಉತ್ತರವೂ ಒಂದೇ: "ನೋಡೋಣ."

ನಾನು ಇಂಥ ಮೇಲ್‌ಗಳನ್ನು ಓದುವ ಕುರ್ಚಿಯಲ್ಲಿ ಕೂತವನು. ಬರೆಯುವ ಮಕ್ಕಳಿಗೆ ಆ ಕಡೆಯಿಂದ ಏನು ಕಾಣುತ್ತದೆ ಎಂದು ಯಾರೂ ಹೇಳಿರುವುದಿಲ್ಲ. ಅವರ ಮನೆಯವರಿಗಂತೂ ಇದು ಪೂರ್ತಿ ಹೊಸ ಲೋಕ. ಹಾಗಾಗಿ ಒಂದು ಸಂದರ್ಭವನ್ನು ಎದುರಿಗಿಟ್ಟುಕೊಂಡು ಈ ಮೇಲ್ ಹೇಗೆ ಹುಟ್ಟಬೇಕು, ಅದನ್ನು ಓದಿದವರು ಏನು ಲೆಕ್ಕ ಹಾಕುತ್ತಾರೆ ಎಂಬುದನ್ನು ನೋಡೋಣ. ಇಲ್ಲಿ ಬರುವ ಹುಡುಗಿ ಯಾವ ಒಬ್ಬಳೂ ಅಲ್ಲ. ಹಾಸನ ಕಡೆಯ ಒಂದು ಕಾಲೇಜಿನವಳು ಎಂದಿಟ್ಟುಕೊಳ್ಳಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಚಿನ ಪಠ್ಯಕ್ರಮದಲ್ಲಿ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ನಮ್ಮ ಹುಡುಗಿಗೆ ಸಿಕ್ಕಿದ್ದು 16 ವಾರ, ಜನವರಿ ಮೂರನೇ ವಾರದಿಂದ ಮೇ ಮೊದಲ ವಾರ ಕಳೆಯುವವರೆಗೆ. ಕಂಪನಿ ಮಾಡುವುದು ಸಂಬಳ ಲೆಕ್ಕ ಹಾಕುವ ತಂತ್ರಾಂಶ, ಅಂದರೆ ಪೇರೋಲ್. ಇವಳನ್ನು ಟೆಸ್ಟಿಂಗ್ ತಂಡಕ್ಕೆ ಹಾಕಿದರು. ಪ್ರತಿ ತಿಂಗಳು ಹೊಸ ಆವೃತ್ತಿ ಹೊರಬೀಳುವ ಮುಂಚೆ ಹಳೆಯದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ಮತ್ತೆ ನೋಡುವುದಕ್ಕೆ ರಿಗ್ರೆಷನ್ ಟೆಸ್ಟಿಂಗ್ ಎನ್ನುತ್ತಾರೆ. ಎಕ್ಸೆಲ್ ಹಾಳೆಯಲ್ಲಿ ನೂರ ನಲವತ್ತು ಟೆಸ್ಟ್ ಕೇಸ್‌ಗಳಿವೆ. ಅದರಲ್ಲಿ ತೊಂಬತ್ತು ಇವಳ ಪಾಲಿಗೆ ಬಂದವು. ಒಂದೊಂದನ್ನೂ ಸ್ಕ್ರೀನಿನ ಮೇಲೆ ಮಾಡಿ ನೋಡುವುದು, ಸ್ಕ್ರೀನ್‌ಶಾಟ್ ತೆಗೆಯುವುದು, ವರ್ಡ್ ಫೈಲಿಗೆ ಅಂಟಿಸುವುದು, ಪಾಸ್ ಅಥವಾ ಫೇಲ್ ಎಂದು ಗುರುತು ಹಾಕುವುದು. ಅವಳಿಗೆ ಬೇಕಿದ್ದದ್ದು ಜಾವಾದಲ್ಲಿ ಕೋಡ್ ಬರೆಯುವ ಕೆಲಸ.

ಮೇಲ್ ಬರೆಯುವುದಕ್ಕೆ ಮುಂಚೆ ಅವಳು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಬಹುತೇಕರು ಮಾಡುವುದಿಲ್ಲ. "ಇಲ್ಲಿ ಕಲಿಯಲು ಏನೂ ಇಲ್ಲ" ಎಂಬುದು ನಿಜವೇ ಎಂದು ಪರೀಕ್ಷಿಸುವುದು. ಇದಕ್ಕೆ ಸಾಧನ ಕೈಯಲ್ಲೇ ಇರುತ್ತದೆ. ಎ.ಐ.ಸಿ.ಟಿ.ಇ. ತನ್ನ ಇಂಟರ್ನ್‌ಶಿಪ್ ನೀತಿಯಲ್ಲಿ ವಿದ್ಯಾರ್ಥಿ ದಿನಚರಿ ಬರೆದಿಡಬೇಕು ಎಂದಿದೆ. ಕಾಲೇಜುಗಳು ಅದನ್ನು ಕೇಳುತ್ತವೆ, ಮಕ್ಕಳು ಅದನ್ನು ಕೊನೆಯ ವಾರ ಒಟ್ಟಿಗೆ ಕೂತು ಗೀಚುತ್ತಾರೆ. ಇವಳು ದಿನದಿನವೂ ಬರೆದಿದ್ದಳು ಅನ್ನಿ. ಐದನೇ ವಾರ ತಿರುವಿ ನೋಡಿದರೆ ಚಿತ್ರ ಸ್ಪಷ್ಟ. ಮೊದಲ ವಾರ ಲ್ಯಾಪ್‌ಟಾಪ್, ಪಾಸ್‌ವರ್ಡ್, ತರಬೇತಿ ವಿಡಿಯೋಗಳಲ್ಲಿ ಹೋಯಿತು. ಎರಡನೇ ವಾರ ಪಿ.ಎಫ್., ಇ.ಎಸ್.ಐ., ವೃತ್ತಿ ತೆರಿಗೆ, ಲಾಸ್ ಆಫ್ ಪೇ ಅಂದರೇನು ಎಂದು ತಿಳಿದಳು. ಮೂರನೇ ವಾರ ಬಗ್ ರಿಪೋರ್ಟ್ ಬರೆಯುವುದನ್ನು ಕಲಿತಳು. ನಾಲ್ಕನೇ ವಾರದಿಂದ ದಿನಚರಿಯ ಸಾಲುಗಳು ಒಂದೇ ಥರ: "ಕೇಸ್ 42ರಿಂದ 70. ಎಲ್ಲ ಪಾಸ್." "ಕೇಸ್ 71ರಿಂದ 90. ಎರಡು ಫೇಲ್, ಹಿಂದಿನ ಬಗ್ಗೇ." ಇಲ್ಲಿಗೆ ಅವಳ ದೂರಿಗೆ ಆಧಾರ ಸಿಕ್ಕಿತು, ಜೊತೆಗೆ ದೂರಿನ ಆಕಾರವೂ ಬದಲಾಯಿತು. "ಏನೂ ಕಲಿಯಲಿಲ್ಲ" ಎಂಬುದು ಸುಳ್ಳು. "ಮೂರು ವಾರ ಕಲಿತೆ, ಆಮೇಲೆ ಅದೇ ಕೆಲಸ ಮರುಕಳಿಸುತ್ತಿದೆ" ಎಂಬುದು ನಿಜ.

ಈ ವ್ಯತ್ಯಾಸ ಓದುವವರಿಗೆ ಬಹಳ ದೊಡ್ಡದು. ಮ್ಯಾನೇಜರುಗಳಲ್ಲಿ ಎಷ್ಟೋ ಜನ ಟೆಸ್ಟಿಂಗ್‌ನಿಂದಲೇ ಮೇಲೆ ಬಂದವರು. ಐದು ವಾರದ ಇಂಟರ್ನ್ ಬಂದು "ಟೆಸ್ಟಿಂಗ್‌ನಲ್ಲಿ ಸ್ಕೋಪ್ ಇಲ್ಲ" ಎಂದರೆ ಅವರಿಗೆ ಮೊದಲು ಅನಿಸುವುದು, ಈ ಹುಡುಗಿ ಇನ್ನೂ ಕಣ್ಣು ಬಿಟ್ಟಿಲ್ಲ ಎಂದು.

ದಿನಚರಿಯಲ್ಲಿ ಇನ್ನೊಂದು ಸಾಲು ಸಿಕ್ಕಿತು, ಅದು ಮುಂದೆ ಅವಳ ಮೇಲ್‌ನ ಜೀವಾಳವಾಗುತ್ತದೆ. ಮೂರನೇ ವಾರ ಅವಳು ಒಂದು ತಪ್ಪು ಹಿಡಿದಿದ್ದಳು. ತಿಂಗಳಿಗೆ 31,000 ರೂಪಾಯಿ ಸಂಬಳದ ನೌಕರ ಜನವರಿಯಲ್ಲಿ ಎರಡು ದಿನ ಸಂಬಳವಿಲ್ಲದ ರಜೆ ಹಾಕಿದ್ದಾನೆ. ಜನವರಿಗೆ 31 ದಿನ, ಆ ಗ್ರಾಹಕ ಕಂಪನಿಯ ನಿಯಮದ ಪ್ರಕಾರ ಕ್ಯಾಲೆಂಡರಿನ ದಿನಗಳಿಂದಲೇ ಭಾಗಿಸಬೇಕು. ದಿನಕ್ಕೆ 1,000 ರೂಪಾಯಿಯಂತೆ 2,000 ಕಳೆದು 29,000 ಕೈಗೆ ಬರಬೇಕು. ಸ್ಲಿಪ್ಪಿನಲ್ಲಿ ಬಂದದ್ದು 28,933. ಎಲ್ಲೋ ಒಳಗೆ ತಂತ್ರಾಂಶ 31ರ ಬದಲು 30ರಿಂದ ಭಾಗಿಸುತ್ತಿತ್ತು. 67 ರೂಪಾಯಿಯ ವ್ಯತ್ಯಾಸ. ಇವಳು ಕ್ಯಾಲ್ಕುಲೇಟರ್ ಹಿಡಿದು ಕೂತು ಪತ್ತೆ ಮಾಡಿ, ಹೇಗೆ ಮಾಡಿದರೆ ತಪ್ಪು ಮತ್ತೆ ಕಾಣಿಸುತ್ತದೆ ಎಂಬುದನ್ನು ಹಂತಹಂತವಾಗಿ ಬರೆದು ಟಿಕೆಟ್ ಹಾಕಿದಳು. ಎರಡು ದಿನಕ್ಕೆ ಯಾರೋ ಅದನ್ನು ಸರಿಮಾಡಿ ಮುಚ್ಚಿದರು. ಎಲ್ಲಿ ತಪ್ಪಿತ್ತು, ಹೇಗೆ ಸರಿಯಾಯಿತು ಎಂಬುದು ಅವಳಿಗೆ ತಿಳಿಯಲೇ ಇಲ್ಲ.

ಈಗ ಮೇಜಿನ ಆ ಕಡೆ ಹೋಗೋಣ. "ಕಲಿಕೆ" ಎಂಬ ಮಾತು ಕೇಳಿ ಮ್ಯಾನೇಜರ್ ಬೇಡವೆನ್ನುವುದಿಲ್ಲ, ಆದರೆ ಆ ಮಾತಿನಿಂದ ಅವರು ಏನನ್ನೂ ತೀರ್ಮಾನಿಸಲಾರರು. ಅವರ ತಲೆಯಲ್ಲಿ ಏಳುವ ಮೊದಲ ಪ್ರಶ್ನೆ ಪ್ರವೇಶದ್ದು. ಹೊರಗಿನ ಗ್ರಾಹಕರಿಗಾಗಿ ನಡೆಯುವ ಪ್ರಾಜೆಕ್ಟಿನಲ್ಲಿ ಯಾರು ಕೋಡ್ ನೋಡಬಹುದು, ಯಾರು ಡೇಟಾ ಮುಟ್ಟಬಹುದು ಎಂಬುದನ್ನು ಕರಾರೇ ಹೇಳುತ್ತದೆ. ಇಂಟರ್ನ್ ಕಂಪನಿಯ ನೌಕರಳಲ್ಲ. ಅವಳನ್ನು ಅಲ್ಲಿ ಸೇರಿಸಬೇಕೆಂದರೆ ಗ್ರಾಹಕರ ಒಪ್ಪಿಗೆ ಕೇಳಬೇಕಾದೀತು, ಹಿನ್ನೆಲೆ ಪರಿಶೀಲನೆ ಆಗಬೇಕಾದೀತು. ಅಷ್ಟರಲ್ಲಿ ಇಂಟರ್ನ್‌ಶಿಪ್ಪೇ ಮುಗಿದಿರುತ್ತದೆ. ಅದೇ ಕಂಪನಿಯೊಳಗೆ ಬಳಸಲು ಮಾಡಿಕೊಳ್ಳುವ ತಂತ್ರಾಂಶವಾದರೆ ಈ ತೊಡಕು ಇಲ್ಲ, ಅಥವಾ ತೀರ ಕಡಿಮೆ. "ನನ್ನ ಸ್ನೇಹಿತೆ ಇರುವ ಬ್ಯಾಂಕ್ ಪ್ರಾಜೆಕ್ಟೇ ಬೇಕು" ಎಂದವರಿಗೆ ಇಲ್ಲವೆನ್ನುವ ಮ್ಯಾನೇಜರ್, "ನಮ್ಮದೇ ರಜೆ ಅರ್ಜಿಯ ಪೋರ್ಟಲ್‌ನ ತಂಡದಲ್ಲಿ ಜಾಗ ಇದೆಯೇ" ಎಂದವರಿಗೆ ಹೂಂ ಎನ್ನುವುದು ಈ ಕಾರಣಕ್ಕೆ. ಇದರಲ್ಲಿ ಪಕ್ಷಪಾತವೇನೂ ಇಲ್ಲ, ಆದರೆ ಯಾರೂ ಬಿಡಿಸಿ ಹೇಳದೇ ಇದ್ದಾಗ ಹಾಗೆಯೇ ಕಾಣುತ್ತದೆ.

ಎರಡನೆಯದು ಕಲಿಸುವವರ ಸಮಯ. ಹೊಸ ತಂಡದಲ್ಲಿ ಮೊದಲ ಎರಡು ವಾರ ಒಬ್ಬ ಹಿರಿಯ ಡೆವಲಪರ್ ದಿನಕ್ಕೆ ಒಂದು ಗಂಟೆ ಇವಳಿಗೆ ಕೊಡಬೇಕಾಗುತ್ತದೆ. ಅಲ್ಲಿಗೆ ಹತ್ತು ಗಂಟೆ. ಆಮೇಲೆ ಇವಳು ಬರೆದ ಪ್ರತಿ ಸಾಲನ್ನೂ ಅವರು ಓದಿ ಒಪ್ಪಬೇಕು. ಎರಡು ವಾರಕ್ಕೊಮ್ಮೆ ಕೆಲಸ ಹಂಚಿಕೊಳ್ಳುವ ತಂಡದಲ್ಲಿ ಆ ಹಿರಿಯರ ಗಂಟೆಗಳು ಮೊದಲೇ ಲೆಕ್ಕಕ್ಕೆ ಬಿದ್ದಿರುತ್ತವೆ. ಈ ಹತ್ತು ಗಂಟೆ ಯಾವುದೋ ಇನ್ನೊಂದು ಕೆಲಸದಿಂದ ಕತ್ತರಿಸಿ ತೆಗೆಯಬೇಕು. ಇಂಟರ್ನ್‌ನಿಂದ ಕೆಲಸ ಹಗುರಾಗುತ್ತದೆ ಎಂದು ಮಕ್ಕಳು ಅಂದುಕೊಂಡಿರುತ್ತಾರೆ, ಮೊದಲ ತಿಂಗಳ ಮಟ್ಟಿಗೆ ಅದು ತದ್ವಿರುದ್ಧ.

ಮೂರನೆಯದು ಹಿಂದೆ ಉಳಿಯುವ ಖಾಲಿ ಜಾಗ. ಆ ತೊಂಬತ್ತು ಕೇಸ್‌ಗಳನ್ನು ನಾಳೆ ಯಾರು ಮಾಡುತ್ತಾರೆ? ಪೇರೋಲ್‌ನಲ್ಲಿ ತಿಂಗಳ ಕೊನೆಗೆ ಸಂಬಳದ ರನ್ ಇರುತ್ತದೆ, ಆ ದಿನಗಳಲ್ಲಿ ಯಾರೂ ಯಾರನ್ನೂ ಕದಲಿಸುವುದಿಲ್ಲ. 25ನೇ ತಾರೀಕಿಗೆ ರನ್ ಇದ್ದು, 18ಕ್ಕೆ "ನನ್ನನ್ನು ಈ ವಾರವೇ ಬಿಡಿ" ಎಂಬ ಮೇಲ್ ಬಂದರೆ ಅದರಲ್ಲಿ ಎಷ್ಟು ವಿನಯ ಇದ್ದರೂ ಪ್ರಯೋಜನವಿಲ್ಲ.

ಇನ್ನು ಕಾಲದ ಲೆಕ್ಕ. ಇದನ್ನು ಒಮ್ಮೆ ಬೆರಳು ಮಡಚಿ ಎಣಿಸಿದರೆ ಸಾಕು. ನಮ್ಮ ಹುಡುಗಿ ಐದನೇ ವಾರ, ಫೆಬ್ರವರಿ ಮಧ್ಯದಲ್ಲಿ ಕೇಳುತ್ತಾಳೆ. ಸಂಬಳದ ರನ್ ಮುಗಿದು ಬಿಡುಗಡೆಯಾಗುವುದು ಆರನೇ ವಾರದ ಕೊನೆಗೆ. ಉಳಿದದ್ದು ಹತ್ತು ವಾರ. ಹೊಸ ತಂಡದ ಅನುಮತಿಗಳು, ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಓಡುವಂತೆ ಮಾಡಿಕೊಳ್ಳುವುದು, ಬೇರೆಯವರ ಕೋಡ್ ಓದಿ ಅರ್ಥ ಮಾಡಿಕೊಳ್ಳುವುದು ಇದಕ್ಕೆಲ್ಲ ಎರಡು ವಾರ. ಕೊನೆಯ ಎರಡು ವಾರ ಕಾಲೇಜಿನ ರಿಪೋರ್ಟು, ಪ್ರೆಸೆಂಟೇಷನ್ನು. ನಿಜವಾಗಿ ಕೆಲಸಕ್ಕೆ ಸಿಗುವುದು ಆರು ವಾರ. ಇದೇ ಮೇಲ್ ಒಂಬತ್ತನೇ ವಾರ ಹೋಗಿದ್ದರೆ ಮುಂದಿನ ರನ್ ಮುಗಿಯುವುದು ಹತ್ತನೇ ವಾರ, ಉಳಿಯುವುದು ಆರು, ಅದರಲ್ಲಿ ನಾಲ್ಕು ಕಳೆದರೆ ಎರಡೇ ವಾರ. ಎರಡು ವಾರದ ಕೆಲಸಕ್ಕಾಗಿ ಯಾವ ಮ್ಯಾನೇಜರೂ ಇಷ್ಟೆಲ್ಲ ಮಾಡುವುದಿಲ್ಲ, ಮಾಡಬಾರದು ಕೂಡ. ಮೊದಲ ವಾರವೇ ಕೇಳುವುದೂ ಅಷ್ಟೇ ವ್ಯರ್ಥ, ಕೆಲಸ ನೋಡುವ ಮುಂಚೆ ಅದು ಬೇಡ ಎಂದಂತಾಗುತ್ತದೆ. ನಾಲ್ಕರಿಂದ ಆರನೇ ವಾರದ ನಡುವೆ ಒಂದು ಕಿಂಡಿ ತೆರೆದಿರುತ್ತದೆ. ಸಂಕೋಚದಲ್ಲಿ ಅದನ್ನು ಕಳೆದುಕೊಳ್ಳುವವರೇ ಹೆಚ್ಚು.

ಮೇಲ್ ಬರೆಯುವ ಮುಂಚೆ ಮಾತಾಡಬೇಕು. ಮೊದಲು ದಿನನಿತ್ಯದ ಕೆಲಸ ನೋಡಿಕೊಳ್ಳುವ ಮೆಂಟರ್ ಹತ್ತಿರ, ಆಮೇಲೆ ಮ್ಯಾನೇಜರ್ ಹತ್ತಿರ. ಮೆಂಟರಿಗೆ ತಿಳಿಸದೆ ನೇರ ಮೇಲೆ ಹೋದರೆ, ಮ್ಯಾನೇಜರ್ ಮೊದಲು ಫೋನ್ ಮಾಡುವುದೇ ಆ ಮೆಂಟರಿಗೆ, ಅವರು "ನನಗೆ ಗೊತ್ತೇ ಇಲ್ಲವಲ್ಲ" ಎನ್ನುತ್ತಾರೆ, ಅಲ್ಲಿಗೆ ಅರ್ಧ ಕೆಲಸ ಕೆಟ್ಟಿತು. ಬೇರೆ ತಂಡದ ಲೀಡ್ ಹತ್ತಿರ ಹೋಗಿ "ನಿಮ್ಮಲ್ಲಿ ಯಾವ ಥರದ ಕೆಲಸ ಇದೆ, ಅದಕ್ಕೆ ಏನು ಗೊತ್ತಿರಬೇಕು" ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ. "ನನ್ನನ್ನು ತಗೊಳ್ತೀರಾ ಸರ್" ಎಂದು ಕೇಳುವುದು ಮಾತ್ರ ಸಲ್ಲದು, ಆ ಪ್ರಶ್ನೆ ಇಬ್ಬರು ಮ್ಯಾನೇಜರುಗಳ ನಡುವಿನದು. ಎಚ್.ಆರ್.ಗೆ ಪ್ರತಿ ಹಾಕುವುದೂ ಬೇಡ. ಹಾಕಿದ ಕೂಡಲೇ ಕೋರಿಕೆ ದೂರಾಗಿಬಿಡುತ್ತದೆ.

ಕನ್ನಡ ಬಲ್ಲ ಮ್ಯಾನೇಜರ್ ಆದರೆ ಮಾತು ಕನ್ನಡದಲ್ಲೇ ಸಲೀಸಾಗಿ ಆಗುತ್ತದೆ. "ಮೇಡಂ, ಹತ್ತು ನಿಮಿಷ ಟೈಮ್ ಸಿಗುತ್ತಾ? ನನ್ನ ಪ್ರಾಜೆಕ್ಟ್ ಬಗ್ಗೆ ಒಂದು ಮಾತು ಕೇಳಬೇಕಿತ್ತು" ಎಂದರೆ ಸಾಕು. ಅಲ್ಲಿ ಕೇಳಿದ್ದನ್ನೇ ಆಮೇಲೆ ಮೇಲ್‌ನಲ್ಲಿ ಬರೆಯುವುದು. ಬರೆಯುವುದು ಯಾಕೆಂದರೆ, ಮ್ಯಾನೇಜರ್ ಆ ಮೇಲನ್ನು ಇನ್ನೊಂದು ತಂಡದವರಿಗೆ ಮುಂದಕ್ಕೆ ಕಳಿಸಬೇಕು. ಅವರು ಈ ಹುಡುಗಿಯನ್ನು ನೋಡಿಯೇ ಇಲ್ಲ. ಅವರ ಪಾಲಿಗೆ ಇವಳೆಂದರೆ ಆ ಮೇಲ್ ಅಷ್ಟೇ. ಹಾಗಾಗಿ ಅದು ಒಬ್ಬರಿಗೆ ಬರೆದದ್ದಾದರೂ ಇಬ್ಬರು ಓದುವಂಥದ್ದಾಗಿರಬೇಕು. ನಮ್ಮ ಹುಡುಗಿಯ ಮೇಲ್ ಹೀಗಿರಬಹುದು:

"ವಿಷಯ: ಫೆಬ್ರವರಿ ಸಂಬಳದ ರನ್ ನಂತರ ಪ್ರಾಜೆಕ್ಟ್ ಬದಲಾವಣೆಗೆ ಕೋರಿಕೆ

ಮೇಡಂ, ನಮಸ್ಕಾರ. ಬುಧವಾರ ತಮ್ಮ ಹತ್ತಿರ ಮಾತಾಡಿದ್ದನ್ನು ಬರೆದು ಕಳಿಸುತ್ತಿದ್ದೇನೆ. ಮೆಂಟರ್ ಅವರಿಗೂ ತಿಳಿಸಿದ್ದೇನೆ.

ಐದು ವಾರದಿಂದ ಪೇರೋಲ್ ಟೆಸ್ಟಿಂಗ್‌ನಲ್ಲಿದ್ದೇನೆ. ಸಂಬಳ ಲೆಕ್ಕದ ನಿಯಮಗಳು, ಟೆಸ್ಟ್ ಕೇಸ್ ನಡೆಸುವುದು, ಬಗ್ ರಿಪೋರ್ಟ್ ಬರೆಯುವುದು ಇವನ್ನು ಇಲ್ಲಿ ಕಲಿತೆ. ಲಾಸ್ ಆಫ್ ಪೇ ಲೆಕ್ಕದಲ್ಲಿ 31 ದಿನದ ತಿಂಗಳಿಗೆ 30ರಿಂದ ಭಾಗಿಸುತ್ತಿದ್ದ ತಪ್ಪನ್ನು ನಾನೇ ಹಿಡಿದು ಟಿಕೆಟ್ ಹಾಕಿದ್ದೆ. ಕಳೆದ ಎರಡು ವಾರದಿಂದ ಅದೇ ತೊಂಬತ್ತು ಕೇಸ್‌ಗಳು ಮರುಕಳಿಸುತ್ತಿವೆ.

ಇಂಥ ತಪ್ಪುಗಳನ್ನು ಕೋಡ್‌ನಲ್ಲಿ ಹುಡುಕಿ ಸರಿಪಡಿಸುವುದನ್ನು ಕಲಿಯಬೇಕೆಂದಿದ್ದೇನೆ. ನಮ್ಮ ಕಂಪನಿಯ ರಜೆ ಪೋರ್ಟಲ್ ತಂಡದಲ್ಲಿ ಸಣ್ಣ ಬಗ್‌ಗಳು ಬಾಕಿ ಇವೆ ಎಂದು ಆ ತಂಡದ ಲೀಡ್ ಅವರಿಂದ ತಿಳಿಯಿತು. ಜಾವಾ ಮತ್ತು ಎಸ್.ಕ್ಯೂ.ಎಲ್. ಕಾಲೇಜಿನಲ್ಲಿ ಕಲಿತಿದ್ದೇನೆ, ಮಿನಿ ಪ್ರಾಜೆಕ್ಟ್ ಒಂದನ್ನು ಅದರಲ್ಲೇ ಮಾಡಿದ್ದೇನೆ. ಸ್ಪ್ರಿಂಗ್ ಬೂಟ್ ಗೊತ್ತಿಲ್ಲ, ಈಗ ಸಂಜೆ ಹೊತ್ತು ಕಲಿಯುತ್ತಿದ್ದೇನೆ.

25ರ ರನ್ ಮುಗಿಯುವವರೆಗೆ ಇಲ್ಲಿನ ಕೆಲಸ ಪೂರ್ತಿ ಮಾಡುತ್ತೇನೆ. ನನ್ನ ಕೇಸ್‌ಗಳಲ್ಲಿ ಯಾವುದು ಎಲ್ಲಿ ಎಡವುತ್ತದೆ ಎಂಬ ಟಿಪ್ಪಣಿಯನ್ನು ಹಾಳೆಯಲ್ಲೇ ಸೇರಿಸಿ, ಮುಂದೆ ಮಾಡುವವರ ಜೊತೆ ಕೂತು ಒಂದು ಸುತ್ತು ತೋರಿಸುತ್ತೇನೆ. ಮಾರ್ಚ್ ಮೊದಲ ವಾರದಿಂದ ಎರಡು ವಾರ ಪ್ರಯತ್ನಕ್ಕೆಂದು ಅಲ್ಲಿಗೆ ಹಾಕಿ, ಸರಿಹೋಗದಿದ್ದರೆ ವಾಪಸ್ ಬರುತ್ತೇನೆ.

ಪೂರ್ತಿ ಬದಲಾವಣೆ ಕಷ್ಟವಾದರೆ, ಇಲ್ಲೇ ಇದ್ದುಕೊಂಡು ವಾರಕ್ಕೆ ಒಂದು ದಿನ ಬಗ್ ಸರಿಪಡಿಸುವ ಡೆವಲಪರ್ ಜೊತೆ ಕೂರಲು ಅವಕಾಶ ಕೊಟ್ಟರೂ ಆದೀತು. ತಮಗೆ ಬಿಡುವಾದಾಗ ತಿಳಿಸಿ."

ಈ ಮೇಲ್‌ನಲ್ಲಿ ಹೊಗಳಿಕೆ ಇಲ್ಲ, ಕನಸುಗಳ ವರ್ಣನೆ ಇಲ್ಲ, "ನನ್ನ ಭವಿಷ್ಯದ ದೃಷ್ಟಿಯಿಂದ" ಎಂಬ ಮಾತೂ ಇಲ್ಲ. ಮ್ಯಾನೇಜರ್ ಕೇಳಬಹುದಾಗಿದ್ದ ಪ್ರಶ್ನೆಗಳಿಗೆಲ್ಲ ಒಂದೊಂದು ಉತ್ತರ ಇದೆ. ಪ್ರವೇಶದ ತೊಡಕು ಕಡಿಮೆ ಇರುವ ಒಳಗಿನ ಪ್ರಾಜೆಕ್ಟನ್ನೇ ಕೇಳಿದ್ದಾಳೆ. ಕಲಿಸುವವರಿಗೆ ಎಷ್ಟು ಹೊರೆಯಾಗಬಹುದು ಎಂದು ಅಂದಾಜಿಸಲು ತನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಹೇಳಿದ್ದಾಳೆ. "ಗೊತ್ತಿಲ್ಲ" ಎಂಬ ಸಾಲು ಬಿಡಬೇಕೆಂದು ಹಲವರು ಸಲಹೆ ಕೊಡುತ್ತಾರೆ. ನನ್ನ ಪ್ರಕಾರ ಇಡೀ ಮೇಲ್‌ನಲ್ಲಿ ಉಳಿದದ್ದನ್ನು ನಂಬುವಂತೆ ಮಾಡುವುದು ಅದೇ ಸಾಲು. ಆ ಕಡೆಯ ಲೀಡ್ ಮೊದಲ ದಿನವೇ ಕಂಡುಹಿಡಿಯುವ ಸಂಗತಿಯನ್ನು ಮುಚ್ಚಿಟ್ಟು ಲಾಭವೇನು? ತಪ್ಪು ಹಿಡಿದ ಪ್ರಸಂಗವನ್ನು ಒಂದೇ ವಾಕ್ಯದಲ್ಲಿ ಹೇಳಿದ್ದಾಳೆ, ಅಷ್ಟರಿಂದಲೇ ಇವಳು ಕೆಲಸ ತಪ್ಪಿಸಿಕೊಳ್ಳಲು ಹೊರಟವಳಲ್ಲ ಎಂಬುದು ಗೊತ್ತಾಗುತ್ತದೆ. ಕೋರಿಕೆಗೂ ಆ ಪ್ರಸಂಗಕ್ಕೂ ನಂಟಿದೆ: ತಪ್ಪನ್ನು ಹೊರಗಿನಿಂದ ನೋಡಿದ್ದೇನೆ, ಒಳಗಿನಿಂದ ನೋಡಬೇಕು.

ನನಗೆ ಇದರಲ್ಲಿ ಹೆಚ್ಚು ಹಿಡಿಸುವುದು ಕೊನೆಯ ಪ್ಯಾರಾ. ಪೂರ್ತಿ ಬದಲಾವಣೆ ಎಂಬ ಒಂದೇ ಬೇಡಿಕೆ ಇಟ್ಟರೆ ಉತ್ತರವೂ ಆಗುತ್ತದೆ, ಆಗುವುದಿಲ್ಲ ಎಂಬ ಎರಡೇ. ಪಕ್ಕದಲ್ಲಿ ಒಂದು ಚಿಕ್ಕ ಬೇಡಿಕೆ ಇದ್ದರೆ, ದೊಡ್ಡದನ್ನು ಕೊಡಲಾಗದ ಮ್ಯಾನೇಜರ್ ಚಿಕ್ಕದನ್ನಾದರೂ ಕೊಡುತ್ತಾರೆ. ಮತ್ತೆ ಮತ್ತೆ ನಾನು ಕಂಡದ್ದು ಇದು. ವಾರಕ್ಕೊಂದು ದಿನ ಡೆವಲಪರ್ ಜೊತೆ ಕೂತವರು, ತಿಂಗಳಾಗುವಷ್ಟರಲ್ಲಿ ತಾವು ಹಿಡಿದ ತಪ್ಪನ್ನು ತಾವೇ ಸರಿಮಾಡಿ ತೋರಿಸಿದ್ದೂ ಉಂಟು. ಇನ್ನೊಂದು ದಾರಿಯೂ ಇದೆ. ಕೈಯಲ್ಲಿ ಮಾಡುವ ತೊಂಬತ್ತು ಕೇಸ್‌ಗಳಲ್ಲಿ ಇಪ್ಪತ್ತನ್ನು ಸೆಲೆನಿಯಂ ಬಳಸಿ ತಾನೇ ಓಡುವಂತೆ ಮಾಡುತ್ತೇನೆ ಎಂದು ಮುಂದೆ ಬರುವುದು. ಅದೂ ಕೋಡ್ ಬರೆಯುವ ಕೆಲಸವೇ, ಜಾವಾದಲ್ಲೇ ಬರೆಯಬಹುದು. ಪ್ರಾಜೆಕ್ಟ್ ಬದಲಾಗುವುದಿಲ್ಲ, ಕೆಲಸ ಬದಲಾಗುತ್ತದೆ. ತಂಡಕ್ಕೆ ಪ್ರತಿ ತಿಂಗಳೂ ಕೆಲವು ಗಂಟೆ ಉಳಿಯುತ್ತದೆ, ಹಾಗಾಗಿ ಇದಕ್ಕೆ ಬೇಡ ಎನ್ನುವ ಮ್ಯಾನೇಜರ್ ಅಪರೂಪ.

ಒಂದು ಮಾತು ಸ್ಪಷ್ಟವಿರಲಿ, ಇದೆಲ್ಲ ಕೋರಿಕೆಯೇ ಹೊರತು ಹಕ್ಕಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಯಾವ ವೃತ್ತಿಯಲ್ಲಿ ತರಬೇತಿ ಎಂಬುದು ಕರಾರಿನಲ್ಲೇ ಇರುತ್ತದೆ, ಆ ತರಬೇತಿ ಕೊಡುವುದು ಮಾಲೀಕರ ಕರ್ತವ್ಯವೂ ಹೌದು. ಕಾಲೇಜಿನ ಮೂಲಕ ಬರುವ ಇಂಟರ್ನ್‌ಗೆ ಸಾಮಾನ್ಯವಾಗಿ ಅಂಥ ಕರಾರು ಇರುವುದಿಲ್ಲ, ಆಫರ್ ಲೆಟರ್ ಮತ್ತು ಕಾಲೇಜಿನ ಪತ್ರ ಅಷ್ಟೇ. ಆದರೂ ಆ ಆಫರ್ ಲೆಟರನ್ನು ಒಮ್ಮೆ ತೆಗೆದು ಓದುವುದು ಒಳ್ಳೆಯದು. ಅದರಲ್ಲಿ "ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಇಂಟರ್ನ್" ಎಂದೇ ಬರೆದಿದ್ದರೆ ಮಾತಾಡುವಾಗ ಮೆಲ್ಲಗೆ ನೆನಪಿಸಬಹುದು. ಮೇಲ್‌ನಲ್ಲಿ ಅದನ್ನು ಉದ್ಧರಿಸಿ ಜಗ್ಗಾಡುವುದು ಬೇಡ.

ಈ ಮೇಲ್ ಬರೆಯಲೇಬಾರದ ಸಂದರ್ಭವೂ ಒಂದಿದೆ. ಕೆಲವೊಮ್ಮೆ ಬೇರೆ ಪ್ರಾಜೆಕ್ಟ್ ಬೇಕೆನಿಸುವುದಕ್ಕೆ ನಿಜವಾದ ಕಾರಣ ಕಲಿಕೆ ಆಗಿರುವುದಿಲ್ಲ, ತಂಡದಲ್ಲಿ ಯಾರೋ ಒಬ್ಬರ ಅಸಭ್ಯ ವರ್ತನೆ ಆಗಿರುತ್ತದೆ. ಅದನ್ನು ಹೇಳಲಾರದೆ "ಡೆವಲಪ್‌ಮೆಂಟ್ ಕಲಿಯಬೇಕು" ಎಂಬ ನೆಪ ಮುಂದಿಡುವ ಹುಡುಗಿಯರಿದ್ದಾರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿಗಳನ್ನೂ ಅಪ್ರೆಂಟಿಸ್‌ಗಳನ್ನೂ ಒಳಗೊಂಡಿದೆ. ಖಾಯಂ ನೌಕರರಿಗೆ ಮಾತ್ರ ಅನ್ವಯ ಎಂಬುದು ತಪ್ಪು ತಿಳಿವಳಿಕೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಅದಕ್ಕೆ ಬರಹದಲ್ಲಿ ದೂರು ಕೊಡಬಹುದು. ತನಿಖೆ ನಡೆಯುವಾಗ ದೂರು ಕೊಟ್ಟವರನ್ನು ಬೇರೆ ಕಡೆಗೆ ವರ್ಗಾಯಿಸಲು ಸಮಿತಿ ಶಿಫಾರಸು ಮಾಡುವುದಕ್ಕೂ ಅವಕಾಶವಿದೆ. ಅಲ್ಲಿ ಮ್ಯಾನೇಜರ್ ಮನಸ್ಸು ಒಲಿಸುವ ಪ್ರಶ್ನೆಯೇ ಬರುವುದಿಲ್ಲ. ನೆಪದ ಮೇಲ್ ಕಳಿಸಿ ತಿರಸ್ಕಾರವಾದರೆ ಆ ಹುಡುಗಿ ಅದೇ ಜಾಗದಲ್ಲಿ ಉಳಿಯಬೇಕಾಗುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು.

ಮೇಲ್ ಹೋದ ಮೇಲೆ ಮೌನ. ಹೆಚ್ಚಿನವರು ಎಡವುವುದು ಇಲ್ಲೇ, ಎರಡನೇ ದಿನವೇ ಮತ್ತೆ ಕೇಳುತ್ತಾರೆ, ಅಥವಾ ಮತ್ತೆ ಕೇಳುವುದೇ ಇಲ್ಲ. ಮ್ಯಾನೇಜರ್ ಆ ಕಡೆಯ ಲೀಡ್ ಜೊತೆ ಮಾತಾಡುವುದಕ್ಕೇ ನಾಲ್ಕೈದು ದಿನ ಹಿಡಿಯುತ್ತದೆ. ವಾರ ಕಳೆದ ಮೇಲೆ ಅದೇ ಮೇಲ್‌ಗೆ ಉತ್ತರವಾಗಿ "ಮೇಡಂ, ಇದರ ಬಗ್ಗೆ ರನ್ ಮುಗಿಯುವ ಮುಂಚೆ ತಿಳಿದರೆ ಹಸ್ತಾಂತರದ ಟಿಪ್ಪಣಿ ಸಿದ್ಧ ಮಾಡಿಕೊಳ್ಳಲು ಅನುಕೂಲವಾಗುತ್ತದೆ" ಎಂದು ಒಂದು ಸಾಲು ಹಾಕಿದರೆ ನೆನಪಿಸಿದಂತೆಯೂ ಆಯಿತು, ಕಾರಣವೂ ಇತ್ತು. ಈ ನಡುವೆ ಕೈಯಲ್ಲಿರುವ ಕೆಲಸ ಜಾರಿದರೆ ಎಲ್ಲವೂ ಮುಗಿಯಿತು. ಮೇಲ್ ಕಳಿಸಿದ ವಾರದಿಂದ ಆ ತೊಂಬತ್ತು ಕೇಸ್‌ಗಳನ್ನು ಮೆಂಟರ್ ಮೊದಲಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತಾರೆ. ಮನಸ್ಸು ಆಗಲೇ ಹೊರಟುಹೋಗಿದೆಯೇ ಎಂಬುದು ಸ್ಕ್ರೀನ್‌ಶಾಟ್‌ಗಳಲ್ಲೇ ಗೊತ್ತಾಗುತ್ತದೆ: ತಾರೀಕು ಹಳೆಯದಿರುತ್ತದೆ, ಕಳೆದ ತಿಂಗಳ ಚಿತ್ರವನ್ನೇ ಮತ್ತೆ ಅಂಟಿಸಿರುತ್ತಾರೆ.

ಹೀಗೆ ಕೇಳಿದರೆ ಮುಂದೆ ಕೆಲಸ ಕೊಡುವಾಗ ಕೊಂಕು ತೆಗೆಯುತ್ತಾರೇನೋ ಎಂಬ ಭಯ ಮಕ್ಕಳಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮನಿಗೆ. "ಕೊಟ್ಟಿದ್ದು ಮಾಡ್ಕೊಂಡು ಸುಮ್ನಿರು" ಎಂಬ ಫೋನ್ ಊರಿನಿಂದ ಬಂದಿರುತ್ತದೆ. ಭಯ ಪೂರ್ತಿ ಸುಳ್ಳಲ್ಲ. ಕೇಳಿದ್ದನ್ನೇ ಸೊಕ್ಕು ಎಂದುಕೊಳ್ಳುವ ಮ್ಯಾನೇಜರುಗಳು ಇದ್ದಾರೆ, ಅಂಥವರು ಯಾರೆಂಬುದು ಐದು ವಾರದಲ್ಲಿ ಇಂಟರ್ನ್‌ಗೂ ಗೊತ್ತಾಗಿರುತ್ತದೆ. ಅಲ್ಲಿ ಚಿಕ್ಕ ಬೇಡಿಕೆಯನ್ನು ಮಾತ್ರ ಬಾಯಲ್ಲಿ ಕೇಳಿ ಸುಮ್ಮನಾಗುವುದೇ ಜಾಣತನ. ಉಳಿದ ಕಡೆ, ಕೊನೆಗೆ ಮೌಲ್ಯಮಾಪನದ ಹಾಳೆ ತುಂಬುವಾಗ ಮ್ಯಾನೇಜರಿಗೆ ನೆನಪಿರುವುದು ಮೇಲ್ ಅಲ್ಲ, ಹಿಂದಿನ ತಂಡದ ಕೆಲಸವನ್ನು ಹೇಗೆ ಒಪ್ಪಿಸಿ ಹೋದಳು ಎಂಬುದು.

ಒಪ್ಪಿಗೆ ಸಿಕ್ಕಿದರೆ ಅದೇ ದಿನ ಮಾಡಬೇಕಾದ ಇನ್ನೊಂದು ಕೆಲಸ ಕಾಲೇಜಿನದು. ಇಂಟರ್ನ್‌ಶಿಪ್ಪಿನ ವಿಷಯ ಎಂದು ಮೊದಲೇ ಬರೆದುಕೊಟ್ಟದ್ದು ಪೇರೋಲ್ ಟೆಸ್ಟಿಂಗ್, ಈಗ ಮಾಡುವುದು ರಜೆ ಪೋರ್ಟಲ್. ಗೈಡ್‌ಗೆ ತಿಳಿಸದೆ ಬಿಟ್ಟರೆ ಮಧ್ಯದ ರಿವ್ಯೂನಲ್ಲಿ ಗೊಂದಲ, ಕೊನೆಗೆ ಕಂಪನಿ ಕೊಡುವ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ರಿಪೋರ್ಟಿನ ಮೇಲೆ ಇನ್ನೊಂದು. ಗೈಡ್‌ಗೆ ಮ್ಯಾನೇಜರ್ ಒಪ್ಪಿಗೆಯ ಮೇಲನ್ನು ಲಗತ್ತಿಸಿ ನಾಲ್ಕು ಸಾಲು ಬರೆದು, ಶೀರ್ಷಿಕೆ ಬದಲಿಸಲು ಅವರ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ರಿಪೋರ್ಟಿನಲ್ಲಿ ಮೊದಲ ಆರು ವಾರವನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಟೆಸ್ಟಿಂಗ್‌ಗೆ ಒಂದು ಅಧ್ಯಾಯ, ಡೆವಲಪ್‌ಮೆಂಟ್‌ಗೆ ಒಂದು ಅಧ್ಯಾಯ. ವೈವಾದಲ್ಲಿ "ಪ್ರಾಜೆಕ್ಟ್ ಯಾಕೆ ಬದಲಾಯಿಸಿದಿರಿ" ಎಂದು ಕೇಳಿಯೇ ಕೇಳುತ್ತಾರೆ. ಆಗ 28,933 ಎಂಬ ಅಂಕಿ ಬಂದ ಆ ಸ್ಲಿಪ್ಪಿನ ಕಥೆಯಿಂದ ಶುರು ಮಾಡಿದರೆ, ಮುಂದಿನ ಎರಡು ಮೂರು ಪ್ರಶ್ನೆಗಳು ಅದರ ಮೇಲೆಯೇ ಬರುತ್ತವೆ, ಅವು ಅವಳಿಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಗಳು.